ಬೆಳಗಿನ ವಾಯ್ಸ್ ಮೆಸೇಜಿನ ಬದಲಿಗೆ

ತಮ್ಮಾ,

ಬೆಳಿಗ್ಗೆ ನಾನು ಕಳಿಸಿದ ವಾಯ್ಸ್ ಮೆಸೇಜನ್ನು ನೀನು ಇನ್ನೂ ಕೇಳಿರದಿದ್ದರೆ ಕೇಳುವುದು ಬೇಡ. ಅದರಲ್ಲಿದ್ದ ಮುಖ್ಯ ಮಾತೆಲ್ಲ ಇಲ್ಲಿದೆ. ನಾನು ಹೇಳುತ್ತಿದ್ದೇನೆ, ಅಕ್ಕ ಟೈಪ್ ಮಾಡುತ್ತಿದ್ದಾಳೆ. ಹೇಳಿದ್ದನ್ನೇ ನಾನು ಮತ್ತೆ ಹೇಳತೊಡಗಿದರೆ ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ.

ನಿನಗೆ ಮೂರು ದಿನದಿಂದ ಜ್ವರವಿದೆಯೆಂದು ನಿನ್ನ ರೂಮಿನ ಗೆಳೆಯ ಹೇಳಿದ. ನಾವು ಗಾಬರಿಯಾಗಬಾರದೆಂದು ನೀನು ತಿಳಿಸಲಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಅದಕ್ಕಾಗಿ ಬೇಸರವಿಲ್ಲ. ಆದರೆ ಮಳೆಗಾಲದಲ್ಲಿ ಬರುವ ಜ್ವರವನ್ನು ಬರೀ ನೆಗಡಿಯ ಜ್ವರವೆಂದು ಬಿಡುವಂತಿಲ್ಲ. ಇವತ್ತೇ ಡಾಕ್ಟರರಿಗೆ ತೋರಿಸಿ, ಡೆಂಗೀ ಪರೀಕ್ಷೆ ಬೇಕೇ ಎಂದು ಕೇಳು. ಎನ್ಎಸ್1 ಎಂಬ ರಕ್ತಪರೀಕ್ಷೆ ಜ್ವರದ ಮೊದಲ ದಿನಗಳಲ್ಲೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಮೈಕೈ ನೋವಿಗೆಂದು ಐಬುಪ್ರೊಫೆನ್ ಅಥವಾ ಆಸ್ಪಿರಿನ್ ನುಂಗಬೇಡ, ಡೆಂಗೀಯಾಗಿದ್ದರೆ ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನೊಂದು ಮಾತನ್ನು ನೆನಪಿಡು. ಹೋದ ವರ್ಷ ನಮ್ಮ ಪಕ್ಕದ ಮನೆಯ ಹುಡುಗಿಗೆ ಡೆಂಗೀ ಬಂದಾಗ, ಜ್ವರ ಇಳಿಯಿತೆಂದು ಮನೆಯವರು ಆಸ್ಪತ್ರೆಯಿಂದ ಕರೆದುಕೊಂಡು ಹೊರಡಲು ಚೀಲ ಕಟ್ಟಿದ್ದರು. ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಕಣ್ಣಿಟ್ಟು ನೋಡಬೇಕಾದದ್ದು ಎಂದು ಡಾಕ್ಟರರು ತಡೆದರು. ಆದ್ದರಿಂದ ಹೊಟ್ಟೆ ಜೋರಾಗಿ ನೋಯುವುದು, ಮೇಲಿಂದ ಮೇಲೆ ವಾಂತಿಯಾಗುವುದು, ಒಸಡಿನಲ್ಲಿ ರಕ್ತ ಬರುವುದು, ವಿಪರೀತ ಸುಸ್ತಾಗುವುದು ಇವುಗಳಲ್ಲಿ ಒಂದು ಕಂಡರೂ, ರಾತ್ರಿಯಾಗಿದ್ದರೂ, ಗೆಳೆಯನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋಗು. ಆಮೇಲೆ ನಮಗೆ ಫೋನ್ ಮಾಡಿದರಾಯಿತು.

ಊಟ ಸೇರದಿದ್ದರೆ ಒತ್ತಾಯದಿಂದ ತಿನ್ನಬೇಡ. ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್ ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರು. ಕಟಕ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಕಟ್ಟಿಟ್ಟಿದ್ದೇನೆ, ಬಾಯಿಗೆ ರುಚಿ ಬಂದ ಮೇಲೆ ಕಳಿಸುತ್ತೇನೆ.

ಕಲಬುರಗಿಯಿಂದ ರಾತ್ರಿ ಹೊರಟರೆ ಬೆಳಗಿನ ಹೊತ್ತಿಗೆ ಬೆಂಗಳೂರಿಗೆ ಬಂದು ಮುಟ್ಟಬಹುದು. ನೀನು ಬಾ ಎಂದರೆ ಬರುತ್ತೇನೆ, ಬೇಡವೆಂದರೆ ಇಲ್ಲೇ ಇರುತ್ತೇನೆ. ಇದನ್ನು ನಿಮ್ಮಪ್ಪನ ಎದುರಿಗೇ ಹೇಳಿದ್ದೇನೆ. ಬೆಳಗಿನ ಮೆಸೇಜಿನಲ್ಲಿದ್ದ ಮದುವೆಯ ಮಾತನ್ನು ಅಕ್ಕ ಇಲ್ಲಿ ಬರೆಯಲು ಒಪ್ಪಲಿಲ್ಲ, ಅದು ನಿನಗೆ ಆರಾಮಾದ ಮೇಲೆ.

ಮಾತನಾಡಲು ತ್ರಾಣವಿಲ್ಲದಿದ್ದರೆ ಫೋನ್ ಮಾಡಬೇಡ. ರಾತ್ರಿ 9 ಗಂಟೆಯೊಳಗೆ ಜ್ವರ ಎಷ್ಟಿದೆ, ಡಾಕ್ಟರರು ಏನೆಂದರು ಎಂದು ಒಂದು ಸಾಲು ಬರೆದು ಕಳಿಸು. ಬರೆಯಲಾಗದಿದ್ದರೆ ಗೆಳೆಯನಿಂದಾದರೂ ಬರೆಸು.

ನಿನ್ನ ಅವ್ವ