ಅಲ್ಲೀಗ ಎಷ್ಟು ಗಂಟೆ?

ಭೂಗೋಳ ಕ್ಲಬ್ ರಸಪ್ರಶ್ನೆ, ಬೆಂಗಳೂರು
17 ಜನವರಿ 2026, ಶನಿವಾರ

ಗೋಡೆ ಗಡಿಯಾರ ನೋಡಿ, ಬೆಳಿಗ್ಗೆ ಹತ್ತೂವರೆ. ಇದೇ ಹೊತ್ತಿಗೆ ಕೆಳಗಿನ ಊರುಗಳಲ್ಲಿ ಎಷ್ಟು ಗಂಟೆ? ಊರಿನ ಮುಂದೆ ಸರಿಯಾದ ಸಮಯದ ಅಕ್ಷರ ಬರೆಯಿರಿ. ಇಬ್ಬಿಬ್ಬರ ತಂಡ, ಹತ್ತು ನಿಮಿಷ, ಸರಿಯುತ್ತರಕ್ಕೆ ತಲಾ 1 ಅಂಕ. ಗ್ಲೋಬ್ ತಿರುಗಿಸಿ ನೋಡಬಹುದು, ಮೊಬೈಲ್ ಮಾತ್ರ ಬ್ಯಾಗಿನಲ್ಲೇ ಇರಲಿ. ಊರು ಒಂಬತ್ತು, ಸಮಯ ಹತ್ತು. ಹೆಚ್ಚಿನದು ನಿಮ್ಮನ್ನು ಬೀಳಿಸಲಿಕ್ಕೇ ಇಟ್ಟದ್ದು!

ಊರುಗಳು
1. ಲಂಡನ್
2. ಕಠ್ಮಂಡು
3. ಸಿಡ್ನಿ
4. ದುಬೈ
5. ನ್ಯೂಯಾರ್ಕ್
6. ಕೊಲಂಬೊ
7. ಟೋಕಿಯೊ
8. ಹೊನೊಲುಲು
9. ಸಿಂಗಪುರ

ಸಮಯ
ಅ. ಮಧ್ಯಾಹ್ನ 3:00
ಆ. ಬೆಳಿಗ್ಗೆ 10:45
ಇ. ನಡುರಾತ್ರಿ 12:00
ಈ. ಶುಕ್ರವಾರ ಸಂಜೆ 7:00
ಉ. ಮಧ್ಯಾಹ್ನ 2:00
ಊ. ಬೆಳಗಿನ ಜಾವ 5:00
ಎ. ಬೆಳಿಗ್ಗೆ 10:30
ಏ. ಸಂಜೆ 4:00
ಐ. ಬೆಳಿಗ್ಗೆ 9:00
ಒ. ಮಧ್ಯಾಹ್ನ 1:00

ಸುಳಿವು: ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಪೂರ್ವದವರ ಗಡಿಯಾರ ಮುಂದೆ, ಪಶ್ಚಿಮದವರದು ಹಿಂದೆ. ನಮ್ಮ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಆದರೆ ಲೆಕ್ಕವನ್ನೇ ಪೂರ್ತಿ ನಂಬಬೇಡಿ. ಗಡಿಯಾರದ ಮುಳ್ಳು ಎಲ್ಲಿರಬೇಕೆಂದು ಕೊನೆಗೆ ತೀರ್ಮಾನಿಸುವುದು ಸರ್ಕಾರಗಳು.

ಟೈ ಆದರೆ: ಇದೇ ಪ್ರಶ್ನೆಯನ್ನು ಜುಲೈನಲ್ಲಿ, ಇದೇ ಹತ್ತೂವರೆಗೆ ಕೇಳಿದರೆ ಯಾವ ಊರುಗಳ ಉತ್ತರ ಬದಲಾಗುತ್ತದೆ?

ಉತ್ತರಗಳು (ಅಂಕ ಹಾಕುವವರಿಗೆ ಮಾತ್ರ)

1-ಊ, 2-ಆ, 3-ಏ, 4-ಐ, 5-ಇ, 6-ಎ, 7-ಉ, 8-ಈ, 9-ಒ.

ಕಠ್ಮಂಡು ನಮಗಿಂತ ಬರೀ ಕಾಲು ಗಂಟೆ ಮುಂದೆ. 1986ರವರೆಗೆ ನೇಪಾಳದ್ದೂ ನಮ್ಮದೂ ಒಂದೇ ಸಮಯವಾಗಿತ್ತು. ಕೊಲಂಬೊ ಇಂದಿಗೂ ನಮ್ಮ ಸಮಯದಲ್ಲೇ ಇದೆ, ಅದು ಪುಕ್ಕಟೆ ಅಂಕ. ಸಿಂಗಪುರಕ್ಕೆ ರೇಖಾಂಶ ಹಿಡಿದು ಲೆಕ್ಕ ಹಾಕಿದವರಿಗೆ ಮಧ್ಯಾಹ್ನ 12 ಬಂದಿರುತ್ತದೆ, ಪಟ್ಟಿಯಲ್ಲಿ ಅದು ಇಲ್ಲ. ಅವರು 1982ರಿಂದ ಗ್ರೀನಿಚ್‌ಗಿಂತ ಎಂಟು ಗಂಟೆ ಮುಂದಿನ ಸಮಯ ಇಟ್ಟುಕೊಂಡಿದ್ದಾರೆ.

ಹೊನೊಲುಲುವಿನಲ್ಲಿ ಇನ್ನೂ ನಿನ್ನೆಯೇ ನಡೆಯುತ್ತಿದೆ. ನ್ಯೂಯಾರ್ಕಿನಲ್ಲಿ ಶನಿವಾರ ಈಗಷ್ಟೇ ಶುರುವಾಯಿತು.

ಬಲೆ ಇರುವುದು ಸಿಡ್ನಿಯಲ್ಲಿ. ಅಲ್ಲೀಗ ಬೇಸಿಗೆ, ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿರುತ್ತಾರೆ. 'ಅ' ಬರೆದವರಿಗೆ ಅಂಕ ಇಲ್ಲ. ಆದರೆ ಅದೇ ಪೂರ್ವ ಕರಾವಳಿಯ ಬ್ರಿಸ್ಬೇನ್ ಹಾಗೆ ತಳ್ಳುವುದಿಲ್ಲ, ಅಲ್ಲೀಗ ನಿಜವಾಗಿಯೂ 3 ಗಂಟೆ. ಇದನ್ನು ಯಾರಾದರೂ ತಾವಾಗಿ ಹೇಳಿದರೆ ಅರ್ಧ ಅಂಕ ಕೊಟ್ಟುಬಿಡಿ.

ಟೈ ಪ್ರಶ್ನೆಗೆ ಮೂರು ಊರು: ಲಂಡನ್ 6:00, ನ್ಯೂಯಾರ್ಕ್ ರಾತ್ರಿ 1:00, ಸಿಡ್ನಿ ಮಧ್ಯಾಹ್ನ 3:00. ಮೂರೂ ಹೇಳಿದ ತಂಡವೇ ಗೆದ್ದಂತೆ.