ಕಾಫಿ ಪುಡಿ ಕಳಿಸಿ

ಡ್ರೆಸ್ಡೆನ್, ನವೆಂಬರ್ 9

ಅಪ್ಪಾಜಿ, ಅಮ್ಮ,

ನಮಸ್ಕಾರ. ನಾನು ಆರಾಮಾಗಿದ್ದೇನೆ. ಚಳಿ ಶುರುವಾಗಿದೆ, ಸಂಜೆ ನಾಲ್ಕೂವರೆಗೇ ಕತ್ತಲು.

ವಿಷಯಕ್ಕೆ ಬರ್ತೀನಿ. ಕಾಫಿ ಪುಡಿ ಮುಗಿದಿದೆ. ಇವತ್ತು ಭಾನುವಾರ, ಇಲ್ಲಿ ಅಂಗಡಿಗಳೆಲ್ಲ ಬಂದ್. ತೆರೆದಿದ್ದರೂ ಚಿಕೋರಿ ಬೆರೆಸಿದ ನಮ್ಮ ಪುಡಿ ಎಲ್ಲಿ ಸಿಗಬೇಕು? ಡಬ್ಬಿಯ ತಳ ಕೆರೆದು ಹಾಕಿದೆ. ಡಿಕಾಕ್ಷನ್ ಅಲ್ಲ, ಚಹಾ ಬಣ್ಣದ ನೀರು ಇಳಿಯಿತು. ಅಜ್ಜಿಗೆ ಹೇಳಬೇಡಿ. "ಕಲಬುರಗಿಯಲ್ಲಿ ಹುಟ್ಟಿ ಚಹಾ ಬಿಟ್ಟರೆ ಹೀಗೇ" ಅಂತಾರೆ.

ಅಮ್ಮ, ಮಾವ ಮುಂದಿನ ವಾರ ಹಾಸನ–ಸೋಲಾಪುರ ರೈಲಿಗೆ ಬರ್ತಾರಲ್ವಾ? ಅಲ್ಲಿಂದಲೇ ತರಲಿ. ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. 200 ಗ್ರಾಂನ ಎರಡು ಪ್ಯಾಕೆಟ್ ಸಾಕು. ಅಪ್ಪಾಜಿ, ನೀವು ಎರಡು ಕೆಜಿ ತುಂಬಿಸೋಕೆ ಹೋಗಬೇಡಿ. ಇಲ್ಲಿ ಉಡುಗೊರೆ ಪಾರ್ಸೆಲ್‌ನಲ್ಲಿ 500 ಗ್ರಾಂ ಕಾಫಿಗಷ್ಟೇ ತೆರಿಗೆ ಇಲ್ಲ, ಒಟ್ಟು ಬೆಲೆಯೂ 45 ಯೂರೋ ದಾಟಬಾರದು.

ಈಗ ಪ್ಯಾಕಿಂಗ್. ಹೋದ ಸಲದ್ದು ನೆನಪಿದೆಯಾ? ಶೇಂಗಾ ಹಿಂಡಿ ಪಕ್ಕದಲ್ಲೇ ಕಾಫಿ ಇಟ್ಟಿದ್ದಿರಿ. ಒಂದು ತಿಂಗಳು ಬೆಳ್ಳುಳ್ಳಿ ಕಾಫಿ ಕುಡಿದೆ. ಕಾಫಿ ಪುಡಿ ಯಾವ ವಾಸನೆ ಸಿಕ್ಕರೂ ಹೀರಿಬಿಡುತ್ತದೆ. ಆದ್ದರಿಂದ ಈ ಸಲ ಹಿಂಡಿ ಬೇಡ. (ಬೇಕು. ಆದರೆ ಬೇರೆ ಪಾರ್ಸೆಲ್‌ನಲ್ಲಿ.)

ಹೊಸದಾಗಿ ಹುರಿದು ಪುಡಿ ಮಾಡಿಸಿದ್ದರೆ ಒಂದು ರಾತ್ರಿ ಡಬ್ಬಿಯಲ್ಲಿ ಮುಚ್ಚಳ ಸಡಿಲ ಇಟ್ಟು ಬಿಡು ಅಮ್ಮ. ಪುಡಿಯಿಂದ ಗಾಳಿ ಹೊರಬರುತ್ತಿರುತ್ತದೆ, ಬಿಸಿಬಿಸಿಯಾಗಿ ಕಟ್ಟಿದರೆ ಚೀಲ ಪೂರಿ ತರಹ ಉಬ್ಬುತ್ತದೆ. ಬೆಳಿಗ್ಗೆ ಜಿಪ್ ಕವರ್‌ಗೆ ಹಾಕಿ, ಅಂಗೈಯಿಂದ ಒತ್ತಿ ಗಾಳಿ ತೆಗೆದು, ಜಿಪ್ ಮೇಲೆ ಟೇಪ್ ಹಚ್ಚು. ಅದನ್ನು ಇನ್ನೊಂದು ಕವರ್‌ನಲ್ಲಿಡು. ಆಮೇಲೆ ಮೂಗಿನ ಹತ್ತಿರ ಹಿಡಿದು ಹಿಂಡು. ಘಮ ಬಂತೆಂದರೆ ಎಲ್ಲೋ ಸೋರುತ್ತಿದೆ. ಪುಡಿಗೆ ತೇವ ತಾಗಿದರೆ ಚಿಕೋರಿ ಬೆಲ್ಲದ ಹಾಗೆ ಗಟ್ಟಿಯಾಗುತ್ತದೆ. ಸ್ಟೀಲ್ ಡಬ್ಬಿ ಬೇಡ, ಸುಮ್ನೆ ತೂಕ. ಗಟ್ಟಿ ರಟ್ಟಿನ ಡಬ್ಬಿ ಸಾಕು. ಖಾಲಿ ಜಾಗಕ್ಕೆ ಪೇಪರ್ ತುರುಕುವ ಬದಲು ನನ್ನ ಹಳೆಯ ಕಾಟನ್ ಟವೆಲ್ ಇಡು, ಇಲ್ಲಿ ಬೇಕಾಗಿದೆ.

ತುಪ್ಪ, ಪೇಡಾ ಬೇಡವೇ ಬೇಡ. ಹಾಲಿನ ಪದಾರ್ಥ ಅಂಚೆಯಲ್ಲಿ ಒಳಗೆ ಬಿಡುವುದಿಲ್ಲ.

ಅಪ್ಪಾಜಿ, ಪೋಸ್ಟ್ ಆಫೀಸಿನ ಕಸ್ಟಮ್ಸ್ ಫಾರ್ಮ್‌ನಲ್ಲಿ ಸುಮ್ನೆ "ತಿಂಡಿ" ಅಂತ ಬರೆಯಬೇಡಿ. ಇಂಗ್ಲಿಷಿನಲ್ಲಿ ಹುರಿದ ಕಾಫಿ ಪುಡಿ, 400 ಗ್ರಾಂ, ಉಡುಗೊರೆ ಅಂತ ಸ್ಪಷ್ಟವಾಗಿ ಬರೆದು, ಟವೆಲ್ಲನ್ನೂ ಸೇರಿಸಿ. ಬೆಲೆ ನಿಜವಾದದ್ದೇ ಇರಲಿ. ಅಂಗಡಿ ಬಿಲ್ ಡಬ್ಬಿಯೊಳಗೆ ಇಡಿ, ಕಸ್ಟಮ್ಸ್‌ನವರು ಕೇಳಿದರೆ ತೋರಿಸಬಹುದು. ನನ್ನ ಫೋನ್ ನಂಬರ್ ಮರೆಯಬೇಡಿ. ರಸೀದಿಯ ಫೋಟೋ ವಾಟ್ಸಾಪ್ ಮಾಡಿ.

ಫಿಲ್ಟರ್ ಚೆನ್ನಾಗಿದೆ, ಹೊಸದು ಕಳಿಸಬೇಡಿ.

ನಿಮ್ಮ
ಶ್ವೇತಾ