ವಿದೇಶ ತರಬೇತಿಗೆ ರಜೆ, ಎನ್‌ಒಸಿ ಮತ್ತು ಪೂರ್ವಾನುಮತಿ ಕೋರಿ ಮನವಿ

ದಿನಾಂಕ: 5 ಜೂನ್ 2025

ಗೆ,
ಕಾರ್ಯಪಾಲಕ ಎಂಜಿನಿಯರ್ ಅವರಿಗೆ,
ಸಣ್ಣ ನೀರಾವರಿ ವಿಭಾಗ
(ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅವರ ಮೂಲಕ)

ಸರ್, ನಮಸ್ಕಾರ.

ನಾನು ಉಪವಿಭಾಗದಲ್ಲಿ ಸಹಾಯಕ ಎಂಜಿನಿಯರ್. ಕೆರೆ ಮತ್ತು ಅಂತರ್ಜಲ ನಿರ್ವಹಣೆ ಬಗ್ಗೆ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಸೆಪ್ಟೆಂಬರ್ 1ರಿಂದ 19ರವರೆಗೆ ನಡೆಯುವ ತರಬೇತಿಗೆ ನನಗೆ ಪ್ರವೇಶ ಸಿಕ್ಕಿದೆ. ಅದು ಮುಗಿದ ಮೇಲೆ ಜರ್ಮನಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ನಾಲ್ಕೈದು ದಿನ ಇದ್ದು ವಾಪಸ್ ಬರುತ್ತೇನೆ. ಇದನ್ನು ಈಗಲೇ ಹೇಳುತ್ತಿದ್ದೇನೆ, ಯಾಕೆಂದರೆ ತರಬೇತಿಗೆ ಅಂತ ಅನುಮತಿ ತಗೊಂಡು ಅಲ್ಲಿಂದ ಇನ್ನೊಂದು ದೇಶಕ್ಕೆ ಹೋದರೆ ಆಮೇಲೆ ವಿವರಣೆ ಬರೆಯುತ್ತಾ ಕೂರಬೇಕಾಗುತ್ತೆ. ಹಾಗಾಗಿ ಅನುಮತಿ ಆದೇಶದಲ್ಲಿ ಎರಡೂ ದೇಶಗಳ ಹೆಸರಿರಲಿ ಸರ್.

ಕೇಳುತ್ತಿರುವುದು ಮೂರು: 2025ರ ಆಗಸ್ಟ್ 29ರಿಂದ ಸೆಪ್ಟೆಂಬರ್ 26ರವರೆಗೆ 29 ದಿನ ಗಳಿಕೆ ರಜೆ, ಜೊತೆಗೆ ಸೆಪ್ಟೆಂಬರ್ 27ರ ನಾಲ್ಕನೇ ಶನಿವಾರ ಮತ್ತು 28ರ ಭಾನುವಾರವನ್ನು ರಜೆಯ ಕೊನೆಗೆ ಸೇರಿಸಿಕೊಳ್ಳುವ ಅನುಮತಿ, ವೀಸಾಕ್ಕೆ ಎನ್‌ಒಸಿ, ಮತ್ತು ವಿದೇಶಕ್ಕೆ ಹೋಗಲು ಸರ್ಕಾರದ ಪೂರ್ವಾನುಮತಿ. ನನ್ನ ಲೆಕ್ಕದಲ್ಲಿ 214 ದಿನ ಗಳಿಕೆ ರಜೆ ಇದೆ. ಸೆಪ್ಟೆಂಬರ್ 29ರ ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ. ನಾನು ಅಧ್ಯಯನ ರಜೆ ಕೇಳುತ್ತಿಲ್ಲ. ಮೂರು ವಾರದ ತರಬೇತಿಗೆ ಬಾಂಡ್, ಮುಚ್ಚಳಿಕೆ ಅಂತ ಕಡತ ಸುಮ್ನೆ ದಪ್ಪ ಮಾಡುವುದು ಬೇಡ ಅನ್ನಿಸಿತು.

ಖರ್ಚಿನ ವಿಷಯ. ಶುಲ್ಕ, ಟಿಕೆಟ್, ವಿಮೆ, ಊಟ, ವಾಸ ಎಲ್ಲ ಸೇರಿ ಸುಮಾರು 3.5 ಲಕ್ಷ ರೂಪಾಯಿ ಆಗುತ್ತದೆ. ಅದು ನನ್ನ ಮತ್ತು ನನ್ನ ಪತಿಯ ಉಳಿತಾಯದ ಹಣ, ಬ್ಯಾಂಕ್ ವಿವರ ಲಗತ್ತಿಸಿದ್ದೇನೆ. ಸರ್ಕಾರಕ್ಕೆ ಒಂದು ರೂಪಾಯಿಯೂ ಹೊರೆ ಇಲ್ಲ. ಸಂಸ್ಥೆಯವರು ಉಚಿತ ವಸತಿ ಕೊಡುತ್ತೇವೆ ಅಂದಿದ್ದರು, ನಾನು ಬೇಡ ಅಂದೆ. ಸರ್ಕಾರಿ ನೌಕರರು ವಿದೇಶಿ ಆತಿಥ್ಯ ಪಡೆಯಬೇಕಾದರೆ 2010ರ ವಿದೇಶಿ ವಂತಿಗೆ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಬೇರೆ ಬೇಕು. ಅದಕ್ಕಿಂತ ಬಾಡಿಗೆ ಕಟ್ಟುವುದೇ ಸುಲಭ, ಅಲ್ವಾ ಸರ್. ಬಾಡಿಗೆ ನಾನೇ ಕೊಡುತ್ತೇನೆ ಅಂತ ಅವರಿಗೆ ಬರೆದ ಇಮೇಲ್‌ನ ಪ್ರತಿಯೂ ಜೊತೆಗಿದೆ.

ನನ್ನ ಮೇಲೆ ಇಲಾಖಾ ವಿಚಾರಣೆ, ಲೋಕಾಯುಕ್ತ ಪ್ರಕರಣ ಅಥವಾ ಕ್ರಿಮಿನಲ್ ಕೇಸ್ ಯಾವುದೂ ಇಲ್ಲ. ಸರ್ಕಾರಕ್ಕೆ ಬಾಕಿಯೂ ಇಲ್ಲ.

ಎನ್‌ಒಸಿ ಬಗ್ಗೆ ಒಂದು ಸಣ್ಣ ಮಾತು, ಆದರೆ ಇಲ್ಲೇ ಎಡವಟ್ಟಾಗುವುದು ಜಾಸ್ತಿ. ಸೇವಾ ಪುಸ್ತಕದಲ್ಲಿ ನನ್ನ ಹೆಸರು 'ಸವಿತಾ ಎನ್.' ಅಂತಿದೆ, ಪಾಸ್‌ಪೋರ್ಟ್‌ನಲ್ಲಿ 'ಸವಿತಾ ನಂಜುಂಡಪ್ಪ'. ವೀಸಾ ಕೌಂಟರ್‌ನಲ್ಲಿ ಇಬ್ಬರೂ ಒಬ್ಬರೇ ಅಂತ ಬಾಯಲ್ಲಿ ಹೇಳಿದರೆ ನಡೆಯಲ್ಲ. ಎನ್‌ಒಸಿಯಲ್ಲಿ ಎರಡೂ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುದ್ದೆ, ಮಂಜೂರಾದ ರಜೆಯ ದಿನಾಂಕ ಬರುವ ಹಾಗೆ ಇಂಗ್ಲಿಷ್‌ನಲ್ಲಿ ಲೆಟರ್‌ಹೆಡ್ ಮೇಲೆ, ಸಹಿ ಮೊಹರಿನೊಂದಿಗೆ ಕೊಡಿಸಬೇಕಾಗಿ ವಿನಂತಿ. ಕರಡು ನಾನೇ ತಯಾರಿಸಿ ಲಗತ್ತಿಸಿದ್ದೇನೆ, ತಿದ್ದುವುದಿದ್ದರೆ ತಿದ್ದಿ.

ಇನ್ನು ಕೆಲಸ. ಸೆಪ್ಟೆಂಬರ್ ಅಂದರೆ ಮಳೆಗಾಲ, ಕೆರೆ ಏರಿ, ಕೋಡಿಯ ದೂರು ಬರುವ ಕಾಲ, ಈಗ ರಜೆ ಕೇಳ್ತಾಳಲ್ಲ ಅಂತ ನಿಮಗೆ ಅನಿಸಬಹುದು. ಅದಕ್ಕೇ ಮೊದಲೇ ಯೋಚಿಸಿದ್ದೇನೆ. ಪಕ್ಕದ ಉಪವಿಭಾಗದ ಸಹಾಯಕ ಎಂಜಿನಿಯರ್ ಪ್ರಭಾರ ವಹಿಸಿಕೊಳ್ಳಲು ಒಪ್ಪಿ ಪತ್ರ ಕೊಟ್ಟಿದ್ದಾರೆ. ನಡೆಯುತ್ತಿರುವ ಎರಡು ಏರಿ ದುರಸ್ತಿ ಕಾಮಗಾರಿಗಳ ಅಳತೆ ಪುಸ್ತಕದ ನಮೂದು ಆಗಸ್ಟ್ 20ರೊಳಗೆ ಮುಗಿಸುತ್ತೇನೆ. ಒಂದರ ಅಂತಿಮ ಬಿಲ್ ಅದಕ್ಕೂ ಮೊದಲೇ ಮೇಲಕ್ಕೆ ಬರುತ್ತದೆ. ನಾನು ಇಲ್ಲದಾಗ ಯಾವ ಬಿಲ್ಲೂ ನನ್ನ ಸಹಿಗೆ ಕಾದು ಕೂರಬಾರದು. ಹೊರಡುವ ಹಿಂದಿನ ದಿನ ಪ್ರಭಾರ ಪಟ್ಟಿಗೆ ಇಬ್ಬರೂ ಸಹಿ ಮಾಡಿ ನಿಮಗೆ ಕೊಡುತ್ತೇವೆ.

ಅಲ್ಲಿ ಕುಳಿತು ರಜೆ ವಿಸ್ತರಣೆ ಕೇಳುವುದಿಲ್ಲ, ಅಲ್ಲಿ ಯಾವ ಉದ್ಯೋಗವನ್ನೂ ಒಪ್ಪಿಕೊಳ್ಳುವುದಿಲ್ಲ, ರಾಜೀನಾಮೆ ಕಳಿಸುವುದಿಲ್ಲ. ಈ ಬಗ್ಗೆ ಮುಚ್ಚಳಿಕೆ ಪತ್ರ ಪ್ರತ್ಯೇಕವಾಗಿ ಇಟ್ಟಿದ್ದೇನೆ.

ಸಮಯದ ಬಗ್ಗೆ ಮಾತ್ರ ಸ್ವಲ್ಪ ಒತ್ತಾಯ ಮಾಡುತ್ತೇನೆ ಸರ್. ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಕನಿಷ್ಠ 15 ದಿನ ಮೊದಲು ಕೊಡಲೇಬೇಕು, ಅದಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕಡತ ನಿಮ್ಮಿಂದ ಮುಖ್ಯ ಎಂಜಿನಿಯರ್ ಕಚೇರಿಗೆ, ಅಲ್ಲಿಂದ ಸರ್ಕಾರಕ್ಕೆ ಹೋಗಿ ಬರಬೇಕು. ಆದ್ದರಿಂದ ಶಿಫಾರಸಿನೊಂದಿಗೆ ಈ ವಾರವೇ ಮೇಲಕ್ಕೆ ಕಳಿಸಿಕೊಟ್ಟರೆ ಜುಲೈ ಕೊನೆಯೊಳಗೆ ಆದೇಶ ಬರಬಹುದು. ಆದೇಶ ಕೈಗೆ ಬರುವವರೆಗೆ ಟಿಕೆಟ್ ತಗೊಳ್ಳಲ್ಲ. ಏನಾದರೂ ಕೊರತೆ ಕಂಡರೆ ಕಡತ ವಾಪಸ್ ಕಳಿಸುವ ಬದಲು ನನಗೆ ಒಂದು ಫೋನ್ ಮಾಡಿಸಿ, ಅವತ್ತೇ ತಂದುಕೊಡುತ್ತೇನೆ.

ಲಗತ್ತು: ಪ್ರವೇಶ ಪತ್ರ, ಪಾಸ್‌ಪೋರ್ಟ್ ಪ್ರತಿ, ರಜೆ ಲೆಕ್ಕದ ಪ್ರತಿ, ಬ್ಯಾಂಕ್ ವಿವರ, ವಸತಿ ಬಗೆಗಿನ ಇಮೇಲ್, ಪ್ರಭಾರ ಒಪ್ಪಿಗೆ ಪತ್ರ, ಮುಚ್ಚಳಿಕೆ, ಎನ್‌ಒಸಿ ಕರಡು.

ತಮ್ಮ ವಿಶ್ವಾಸಿ,
ಸವಿತಾ ಎನ್.
ಸಹಾಯಕ ಎಂಜಿನಿಯರ್